ಪಕ್ಕದಿಂದ ತೆಗೆದ ಫೋಟೊ ನೋಡಿ ಹೇಳಿ: ಪರದೆಯ ಎತ್ತರ ಸರಿಯಾಗಿಯೇ ಇದೆ, ಕತ್ತು ಮಾತ್ರ ಏಕೆ ನೋಯುತ್ತಿದೆ?

ಲೆಕ್ಕದಮ್ಮ
ಎಲ್ಲರಿಗೂ ನಮಸ್ಕಾರ. ದಿನವಿಡೀ ಲೆಕ್ಕಪತ್ರ ನೋಡುವ ಕೆಲಸ ನನ್ನದು. ಸಂಜೆಯ ಹೊತ್ತಿಗೆ ಕತ್ತಿನ ಹಿಂಭಾಗ, ಅದರಲ್ಲೂ ಬಲಗಡೆ, ಹಿಡಿದುಕೊಂಡ ಹಾಗಾಗುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಬೇಕೆಂದು ಎಲ್ಲ ಕಡೆ ಓದಿ, ಮಾನಿಟರಿನ ಅಡಿಗೆ ಎರಡು ದಪ್ಪ ಪುಸ್ತಕ ಇಟ್ಟಿದ್ದೇನೆ. ಆದರೂ ಕಡಿಮೆಯಾಗಿಲ್ಲ. ಸಹೋದ್ಯೋಗಿಯೊಬ್ಬರಿಂದ ಪಕ್ಕದ ಫೋಟೊ ತೆಗೆಸಿ ಹಾಕಿದ್ದೇನೆ. ಗುರುತು ಸಿಗದಿರಲೆಂದು ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದೇನೆ. ಪರದೆ, ಕತ್ತು, ಬೆನ್ನು, ಮೊಣಕೈ, ಈ ನಾಲ್ಕರಲ್ಲಿ ಯಾವುದು ತಪ್ಪಿದೆ ಎಂದು ತಿಳಿದವರು ಹೇಳಬೇಕು.

ನೆಟ್ಟಗೆ_ಕೂರಿ
ನೋಡಿದೆ. ಪರದೆಯ ಮೇಲಂಚು ಕಣ್ಣಿನ ನೇರಕ್ಕೇ ಇದೆ, ಸರಿ. ಮೊಣಕೈ ಮಡಿಕೆ 90ಕ್ಕಿಂತ ಸ್ವಲ್ಪ ಹೆಚ್ಚು, ಅದೂ ನಡೆಯುತ್ತದೆ. ಬೆನ್ನು ಸ್ವಲ್ಪ ಮುಂದಿದೆ. ಸೊಂಟ 90, ಮೊಣಕಾಲು 90, ಮೊಣಕೈ 90, ಇಷ್ಟು ನೆನಪಿಟ್ಟುಕೊಂಡು ನೆಟ್ಟಗೆ ಕುಳಿತುಕೊಳ್ಳಿ. ಕುರ್ಚಿ ಮೇಜಿನದಲ್ಲ ತಪ್ಪು, ಅಭ್ಯಾಸದ್ದು.

ಕೋನಮಾಪಕ
ಈ ಫೋಟೊ ನೋಡಿ ಯಾರೂ ಏನನ್ನೂ ಹೇಳಬಾರದು. ಕುರ್ಚಿಯ ಕೈಗಳನ್ನು ಗಮನಿಸಿ. ಎಡಗೈ ಬಲಗೈ ಎರಡೂ ಬೇರೆಬೇರೆಯಾಗಿ ಕಾಣುತ್ತಿವೆ, ಆಚೆಯದು ಈಚೆಯದಕ್ಕಿಂತ ಮೇಲೆ ಮತ್ತು ಸ್ವಲ್ಪ ಹಿಂದೆ. ಅಂದರೆ ತೆಗೆದವರು ನಿಂತುಕೊಂಡು, ಮೇಲಿನಿಂದ, ತುಸು ಹಿಂದಿನ ಮೂಲೆಯಿಂದ ತೆಗೆದಿದ್ದಾರೆ. ಪರದೆಯ ಹೊಳಪು ಮುಖವೂ ಒಂದು ಚೂರು ಕಾಣುತ್ತಿದೆ. ದೂರದಲ್ಲಿ ನಿಂತು ನೇರ ಪಕ್ಕದಿಂದ ತೆಗೆದಿದ್ದರೆ ಅದು ಬಹುತೇಕ ಕಾಣುತ್ತಲೇ ಇರಲಿಲ್ಲ, ಪರದೆ ಒಂದು ದಪ್ಪ ಗೆರೆಯಾಗಿ ಉಳಿಯುತ್ತಿತ್ತು. ಹೀಗೆ ತೆಗೆದ ಚಿತ್ರದಲ್ಲಿ ಕಣ್ಣು ಮತ್ತು ಪರದೆಯ ಅಂಚು ಒಂದೇ ಮಟ್ಟದಲ್ಲಿವೆ ಎಂದು ತೋರಿದರೆ ಅದಕ್ಕೆ ಬೆಲೆಯಿಲ್ಲ.

ಇನ್ನೊಂದು ತೊಡಕು ಆ ಕಪ್ಪು ಪಟ್ಟಿ. ತಲೆ ಎಷ್ಟು ಹಿಂದಕ್ಕೆ ಅಥವಾ ಮುಂದಕ್ಕೆ ವಾಲಿದೆ ಎಂದು ಅಳೆಯಲು ಕಣ್ಣಿನ ಹೊರಮೂಲೆ ಬೇಕೇ ಬೇಕು. ಮುಖ ಮುಚ್ಚುವುದು ನಿಮ್ಮ ಹಕ್ಕು. ಮುಚ್ಚುವ ಮೊದಲು ಕಣ್ಣಿನ ಹೊರಮೂಲೆಯ ಮೇಲೆ ಮತ್ತು ಕಿವಿಯ ರಂಧ್ರದ ಮುಂದಿರುವ ಪುಟ್ಟ ಉಬ್ಬಿನ ಮೇಲೆ ಒಂದೊಂದು ಚುಕ್ಕೆ ಇಡಿ, ಸಾಕು. ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಬರುವ ಮೂಳೆಯ ಮೇಲೆ, ಮೇಲುಡುಪಿನ ಹೊರಗೆ ಕಾಣುವಂತೆ, ಕಾಗದದ ಪಟ್ಟಿಯ ಚೂರೊಂದನ್ನು ಅಂಟಿಸಿ.

ಚಿತ್ರಗ್ರಾಹಿ
ಕೋನಮಾಪಕರ ಮಾತಿಗೆ ಕ್ಯಾಮೆರಾ ಕಡೆಯಿಂದ ಒಂದು ಸೇರ್ಪಡೆ. ದೂರ ಬಹಳ ಮುಖ್ಯ. 24 ಇಂಚಿನ ಮಾನಿಟರ್ ಸುಮಾರು 53 ಸೆಂ.ಮೀ. ಅಗಲ. ಕುಳಿತವರು ಅದರ ನಡುವಿಗೆ ಎದುರಾಗಿದ್ದರೆ ಪರದೆಯ ಈಚೆಯ ಅಂಚು ದೇಹದ ನಡುಗೆರೆಗಿಂತ 26 ಸೆಂ.ಮೀ. ಕ್ಯಾಮೆರಾಗೆ ಹತ್ತಿರ. ಕಿವಿಯಾದರೆ ಏಳೆಂಟು ಸೆಂ.ಮೀ. ಮಾತ್ರ ಹತ್ತಿರ. ಒಂದು ಮೀಟರ್ ದೂರದಿಂದ ತೆಗೆದರೆ ಪರದೆಯ ಅಂಚು ಕಿವಿಗೆ ಹೋಲಿಸಿದಾಗ ಹೆಚ್ಚುಕಡಿಮೆ ಕಾಲುಭಾಗ ದೊಡ್ಡದಾಗಿ ಬೀಳುತ್ತದೆ. ಮೂರು ಮೀಟರ್ ಹಿಂದೆ ಸರಿದು ಜೂಮ್ ಮಾಡಿದರೆ ಅದೇ ವ್ಯತ್ಯಾಸ ನೂರಕ್ಕೆ ಆರೇಳಕ್ಕೆ ಇಳಿಯುತ್ತದೆ. ಮೊಬೈಲಿನಲ್ಲಿ ಅಗಲ ಕೋನದ ಲೆನ್ಸ್ ಬೇಡವೇ ಬೇಡ, ಅಂಚಿನಲ್ಲಿರುವುದನ್ನೆಲ್ಲ ಅದು ಎಳೆದುಬಿಡುತ್ತದೆ.

ಎರಡನೆಯದು ಲೆನ್ಸಿನ ಎತ್ತರ. ಲೆನ್ಸ್ ಯಾವ ಎತ್ತರದಲ್ಲಿದೆಯೋ ಆ ಎತ್ತರದ ವಸ್ತುಗಳು ಹತ್ತಿರವಿರಲಿ, ದೂರವಿರಲಿ, ಚಿತ್ರದಲ್ಲಿ ಒಂದೇ ಗೆರೆಯ ಮೇಲೆ ಬರುತ್ತವೆ. ಕಣ್ಣು ಮತ್ತು ಪರದೆಯ ಅಂಚನ್ನು ಹೋಲಿಸಬೇಕಿದ್ದರೆ ಲೆನ್ಸ್ ಕುಳಿತವರ ಕಣ್ಣಿನ ಎತ್ತರಕ್ಕಿರಲಿ. ಮೊಣಕೈ ಮತ್ತು ಮೇಜನ್ನು ಹೋಲಿಸಬೇಕಿದ್ದರೆ ಮೊಣಕೈಯ ಎತ್ತರಕ್ಕಿರಲಿ. ಒಂದೇ ಚಿತ್ರದಲ್ಲಿ ಎರಡನ್ನೂ ಮುಗಿಸುವ ಆಸೆಯಿದ್ದರೆ ಭುಜದ ಎತ್ತರ, ಮೂರು ಮೀಟರ್ ದೂರ. ಗೋಡೆಯ ಅಂಚೋ ಬಾಗಿಲ ಚೌಕಟ್ಟೋ ಚಿತ್ರದಲ್ಲಿ ಸೇರಲಿ. ಅದು ನೆಟ್ಟಗೆ ಬಿದ್ದಿದ್ದರೆ ಮೊಬೈಲ್ ವಾಲಿಲ್ಲ ಎಂದು ಗೊತ್ತಾಗುತ್ತದೆ.

ಲ್ಯಾಪ್‌ಟಾಪ್_ಸವಾರ
ನನಗೂ ಇದೇ ನೋವು. ನಾನು ಹಾಸಿಗೆಯ ಮೇಲೆ ದಿಂಬಿಗೆ ಒರಗಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತೇನೆ. ಯಾವ ದಿಂಬು ಒಳ್ಳೆಯದು ಎಂದು ಯಾರಾದರೂ ಹೇಳುವಿರಾ? ಗಟ್ಟಿಯದೋ ಮೆತ್ತನೆಯದೋ?

ಕೋನಮಾಪಕ
ಸವಾರರೇ, ನಿಮ್ಮ ಸಮಸ್ಯೆ ದಿಂಬಿನದಲ್ಲ. 14 ಇಂಚಿನ ಲ್ಯಾಪ್‌ಟಾಪಿನ ಪರದೆಯ ಎತ್ತರ ಸುಮಾರು 17 ಸೆಂ.ಮೀ. ಕುಳಿತವರ ಕಣ್ಣು ಕೀಲಿಮಣೆಗಿಂತ 40 ಸೆಂ.ಮೀ.ಗೂ ಹೆಚ್ಚು ಮೇಲಿರುವುದು ಸಾಮಾನ್ಯ. ಕೈಗೆ ಹೊಂದುವಂತೆ ಇಟ್ಟರೆ ಪರದೆ ತೀರಾ ಕೆಳಗಾಗುತ್ತದೆ, ಕಣ್ಣಿಗೆ ಹೊಂದುವಂತೆ ಎತ್ತಿದರೆ ಕೈ ಗಾಳಿಯಲ್ಲಿ ತೇಲುತ್ತದೆ. ಎರಡೂ ಒಂದಕ್ಕೊಂದು ಅಂಟಿಕೊಂಡಿರುವಷ್ಟು ಕಾಲ ಯಾವ ದಿಂಬೂ ಇದನ್ನು ಬಿಡಿಸದು. ಬೇರೆ ಕೀಲಿಮಣೆ ಜೋಡಿಸಿ ಪರದೆಯನ್ನು ಎತ್ತಿಡಿ. ಉಳಿದದ್ದನ್ನು ಬೇರೆ ಎಳೆಯಲ್ಲಿ ಕೇಳಿದರೆ ಅಲ್ಲಿ ಮಾತನಾಡೋಣ, ಇಲ್ಲಿ ಈ ಮೇಡಂ ಅವರ ಪ್ರಶ್ನೆ ದಾರಿ ತಪ್ಪುವುದು ಬೇಡ.

ಲೆಕ್ಕದಮ್ಮ ಅವರೇ, ಇನ್ನೊಂದು ಮಾತು. ಫೋಟೊ ತೆಗೆಯುತ್ತಾರೆಂದು ತಿಳಿದ ತಕ್ಷಣ ಯಾರೇ ಆದರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಮೊಬೈಲನ್ನು ಎಲ್ಲಿಯಾದರೂ ಆನಿಸಿಟ್ಟು ವಿಡಿಯೊ ಚಾಲೂ ಮಾಡಿ, ಕೆಲಸದಲ್ಲಿ ಮುಳುಗಿ. ಅರ್ಧ ಗಂಟೆಯ ನಂತರದ ಒಂದು ಚೌಕಟ್ಟನ್ನು ಕತ್ತರಿಸಿ ಹಾಕಿ.

ಸಂಶಯಾತ್ಮ
ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಈ ಡಿಗ್ರಿ ಲೆಕ್ಕಕ್ಕೂ ನೋವಿಗೂ ಅಷ್ಟು ನೇರ ನಂಟಿಲ್ಲ. ತಲೆ ಮುಂದೆ ಚಾಚಿಕೊಂಡೇ ಇಡೀ ಆಯುಷ್ಯ ಕಳೆದು ಒಂದು ದಿನವೂ ನೋವೆನ್ನದವರಿದ್ದಾರೆ. ಕೋಲಿನ ಹಾಗೆ ಕುಳಿತು ನರಳುವವರೂ ಇದ್ದಾರೆ. ಗಂಟೆಗಟ್ಟಲೆ ಅಲುಗಾಡದೆ ಕೂರುವುದೇ ದೊಡ್ಡ ಕಾರಣ ಎಂದು ನನ್ನ ಅನಿಸಿಕೆ. ಫೋಟೊ ಎಂಬುದು ಒಂದು ಕ್ಷಣದ್ದು. ಅದರ ಮೇಲೆ ಇಷ್ಟೊಂದು ಕಟ್ಟಬೇಕೇ?

ಕೋನಮಾಪಕ
ನೀವು ಹೇಳುವುದರಲ್ಲಿ ಬಹುಪಾಲು ಒಪ್ಪುತ್ತೇನೆ. ಫೋಟೊ ನೋಡಿ ನೋವಿನ ಕಾರಣ ಹೇಳುವವರನ್ನು ನಾನೂ ನಂಬುವುದಿಲ್ಲ. ಫೋಟೊ ಬೇಕಾಗುವುದು ಬೇರೆಯದಕ್ಕೆ. ಈ ಜಾಗದಲ್ಲಿ ಕುಳಿತರೆ ದೇಹಕ್ಕೆ ಬೇರೆ ಭಂಗಿಯ ಆಯ್ಕೆ ಉಳಿದಿದೆಯೋ ಇಲ್ಲವೋ ಎಂದು ಅದು ತೋರಿಸುತ್ತದೆ. ಒರಗಬೇಕೆಂದರೂ ಒರಗಲಾಗದಂತೆ ಕುರ್ಚಿ ಮೇಜು ತಡೆದಿದ್ದರೆ, ನೀವು ಎಷ್ಟು ಅಲುಗಾಡಿದರೂ ಮರಳಿ ಅದೇ ಕಡೆಗೆ ಬರುತ್ತೀರಿ.

ಮೇಡಂ, ಕೈಗೆ ಜೋಮು, ಬೆರಳಿಗೆ ಚುಚ್ಚಿದಂತಾಗುವುದು, ಹಿಡಿತ ಸಡಿಲವಾಗುವುದು ಇದ್ದರೆ ಈ ಚರ್ಚೆಯನ್ನು ಬಿಟ್ಟು ಮೊದಲು ವೈದ್ಯರನ್ನು ಕಾಣಿ.

ಲೆಕ್ಕದಮ್ಮ
ಜೋಮು, ಚುಚ್ಚುವುದು ಯಾವುದೂ ಇಲ್ಲ. ಹೇಳಿದಂತೆ ಹೊಸ ಫೋಟೊ ಹಾಕಿದ್ದೇನೆ. ಮೂರು ಮೀಟರ್ ದೂರ, ಭುಜದ ಎತ್ತರ, ವಿಡಿಯೊದಿಂದ ಕತ್ತರಿಸಿದ್ದು. ಚುಕ್ಕೆಗಳನ್ನೂ ಇಟ್ಟಿದ್ದೇನೆ. ಕುರ್ಚಿಯ ಎರಡು ಕೈಗಳು ಈಗ ಒಂದರ ಹಿಂದೆ ಒಂದು ಅಡಗಿವೆ. ಮಾನಿಟರ್ 24 ಇಂಚಿನದು.

ಕೋನಮಾಪಕ
ಚೆನ್ನಾಗಿ ಬಂದಿದೆ. ಈಗ ಒಂದೊಂದಾಗಿ ನೋಡೋಣ. ಚಿತ್ರ ತೆರೆದು ಪಿಕ್ಸೆಲ್ ತೋರಿಸುವ ಯಾವುದೇ ಸಾಮಾನ್ಯ ತಂತ್ರಾಂಶದಲ್ಲಿ ಬಿಂದುಗಳ ಮೇಲೆ ಬಾಣ ಇಟ್ಟು ಅಂಕಿ ಬರೆದುಕೊಂಡೆ. 24 ಇಂಚಿನ ಅಗಲ ಪರದೆಯ ಎತ್ತರ ಹತ್ತಿರ ಹತ್ತಿರ 30 ಸೆಂ.ಮೀ. ನಿಮ್ಮ ಚಿತ್ರದಲ್ಲಿ ಅದು 240 ಪಿಕ್ಸೆಲ್ ಇದೆ. ಹಾಗಾಗಿ 8 ಪಿಕ್ಸೆಲ್ ಎಂದರೆ ಒಂದು ಸೆಂ.ಮೀ. ಚಿತ್ರಗ್ರಾಹಿಗಳು ಹೇಳಿದ ಆರೇಳು ಭಾಗದ ತಪ್ಪು ಇದರಲ್ಲಿ ಇದ್ದೇ ಇರುತ್ತದೆ, ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ.

ಪರದೆ: ಮೇಲಂಚು ಕಣ್ಣಿಗಿಂತ 8 ಪಿಕ್ಸೆಲ್ ಮೇಲೆ, ಅಂದರೆ ಒಂದು ಸೆಂ.ಮೀ. ಕಣ್ಣಿನಿಂದ ಪರದೆಗೆ 62 ಸೆಂ.ಮೀ. ಪರದೆಯ ನಡುಭಾಗ ಕಣ್ಣಿಗಿಂತ 14 ಸೆಂ.ಮೀ. ಕೆಳಗೆ, ಆದ್ದರಿಂದ ನೋಟ ಸುಮಾರು 13 ಡಿಗ್ರಿ ಕೆಳಮುಖ. ಪುಸ್ತಕದ ನಿಯಮದ ಪ್ರಕಾರ ಯಾರೂ ತಪ್ಪು ಹೇಳುವಂತಿಲ್ಲ.

ಕತ್ತು: ಬುಡದ ಮೂಳೆಯಿಂದ ಕಿವಿಯ ಉಬ್ಬಿಗೆ ಗೆರೆ ಎಳೆದರೆ ಅದು ಮುಂದಕ್ಕೆ 70, ಮೇಲಕ್ಕೆ 68 ಪಿಕ್ಸೆಲ್ ಹೋಗುತ್ತದೆ. ಮಟ್ಟಗೆರೆಯಿಂದ 44 ಡಿಗ್ರಿ. ನೆಟ್ಟಗೆ ನಿಂತವರಲ್ಲಿ ಇದು ಸಾಮಾನ್ಯವಾಗಿ 50ರ ಆಸುಪಾಸು ಇರುತ್ತದೆ. ತಲೆ ಮುಂದಕ್ಕೆ ಹೋದಷ್ಟೂ ಕೋನ ಕಿರಿದಾಗುತ್ತದೆ. ನಿಮ್ಮ ತಲೆ ಮುಂದಿದೆ, ಆದರೆ ಗಾಬರಿಪಡುವಷ್ಟಲ್ಲ.

ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಗೆರೆ, ಕಿವಿಯ ಉಬ್ಬಿನಿಂದ ಕಣ್ಣಿನ ಹೊರಮೂಲೆಗೆ ಎಳೆದದ್ದು. ತಲೆ ನೆಟ್ಟಗಿದ್ದಾಗ ಕಣ್ಣು ಕಿವಿಗಿಂತ ತುಸು ಮೇಲೆಯೇ ಇರುತ್ತದೆ, ಆ ಗೆರೆ ಸುಮಾರು 15 ಡಿಗ್ರಿ ಏರಿರುತ್ತದೆ. ನಿಮ್ಮದು 55 ಮುಂದಕ್ಕೆ, 34 ಮೇಲಕ್ಕೆ:

```
atan(34/55) = 32°
```

ಅಂದರೆ ಗಲ್ಲ ಮೇಲೆದ್ದಿದೆ. ಕತ್ತಿನ ಬುಡ ಮುಂದಕ್ಕೆ ಬಾಗಿ, ತಲೆ ಮಾತ್ರ ಹಿಂದಕ್ಕೆ ಮಡಿಚಿಕೊಂಡಿದೆ. ಮ್ಯಾಕ್‌ಅಟಾಮ್ನಿ ಮತ್ತು ಕಾರ್ಲೆಟ್ 1993ರಲ್ಲಿ ಪ್ರಕಟಿಸಿದ ರೂಲಾ ಎಂಬ ಅಂಕಪಟ್ಟಿಯಲ್ಲಿ ಕತ್ತು ಮುಂದಕ್ಕೆ 20 ಡಿಗ್ರಿ ದಾಟಿದರೆ 3 ಅಂಕ, ಹಿಂದಕ್ಕೆ ಬಾಗಿದರೆ 4. ಅಂಕ ಹೆಚ್ಚಿದಷ್ಟೂ ಕೆಟ್ಟದ್ದು. ಪರದೆ ಕಣ್ಣಿನ ಮಟ್ಟದಲ್ಲಿದ್ದೂ ಗಲ್ಲ ಏಕೆ ಏರಬೇಕು? ನೀವು ಕನ್ನಡಕ ಹಾಕಿದ್ದೀರಿ. ಅದು ಪ್ರೋಗ್ರೆಸಿವ್ ಅಲ್ಲವೇ?

ಲೆಕ್ಕದಮ್ಮ
ಹೌದು, ಪ್ರೋಗ್ರೆಸಿವ್. ದೂರಕ್ಕೂ ಓದಲಿಕ್ಕೂ ಒಂದೇ. ಇದಕ್ಕೂ ಕತ್ತಿಗೂ ಸಂಬಂಧವಿದೆ ಎಂದು ಯಾರೂ ಹೇಳಿರಲಿಲ್ಲ.

ಮಸೂರ
ಕನ್ನಡಕ ಅಳವಡಿಸುವುದೇ ನನ್ನ ವೃತ್ತಿ. ಸಾಮಾನ್ಯ ಪ್ರೋಗ್ರೆಸಿವ್ ಗಾಜಿನಲ್ಲಿ ಮೇಲ್ಭಾಗ ದೂರಕ್ಕೆ, ತೀರಾ ಕೆಳಭಾಗ ಪುಸ್ತಕಕ್ಕೆ. ಕಂಪ್ಯೂಟರ್ ದೂರಕ್ಕೆ ಬೇಕಾದ ಶಕ್ತಿ ಇವೆರಡರ ನಡುವಿನ ಕಿರಿದಾದ ಓಣಿಯಲ್ಲಿ ಮಾತ್ರ ಸಿಗುತ್ತದೆ. ಪರದೆ ಕಣ್ಣಿನ ನೇರಕ್ಕಿದ್ದರೆ ಆ ಓಣಿಯನ್ನು ಪರದೆಯ ಮುಂದೆ ತರಲು ಗಲ್ಲ ಎತ್ತದೆ ಬೇರೆ ದಾರಿಯಿಲ್ಲ.

ಇದನ್ನು ಕೂಡಲೇ ಪರೀಕ್ಷಿಸಬಹುದು. ಪರದೆಯ ಮೇಲಿನ ಒಂದು ಸಾಲು ಓದುತ್ತಾ ಕನ್ನಡಕದ ಚೌಕಟ್ಟನ್ನು ಬೆರಳಿನಿಂದ ನಿಧಾನವಾಗಿ ಮೇಲಕ್ಕೆತ್ತಿ. ಗಲ್ಲ ಇಳಿಸಿದರೂ ಅಕ್ಷರ ಸ್ಪಷ್ಟವಾಗಿ ಉಳಿದರೆ ಕಾರಣ ಗಾಜಿನದೇ. ಕಂಪ್ಯೂಟರ್ ಕೆಲಸಕ್ಕೆಂದೇ ನಡುವಿನ ಭಾಗ ಅಗಲವಾಗಿರುವ ಗಾಜು ಬರುತ್ತದೆ. ನನ್ನ ಸಲಹೆ ಅದು.

ನೆಟ್ಟಗೆ_ಕೂರಿ
ಹಾಗಾದರೆ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಎಂಬ ನಿಯಮವೇ ಸುಳ್ಳೇ? ಎಷ್ಟೋ ಕಚೇರಿಗಳಲ್ಲಿ ಅದನ್ನೇ ಹೇಳಿಕೊಡುತ್ತಾರೆ.

ಕೋನಮಾಪಕ
ಸುಳ್ಳಲ್ಲ, ಅದು ಮೇಲ್ಮಿತಿ. ಕಣ್ಣಿನ ಮಟ್ಟವನ್ನು ದಾಟಬಾರದು ಎಂಬಷ್ಟೇ ಅದರ ಅರ್ಥ. ಅಲ್ಲಿಯವರೆಗೆ ಏರಿಸಲೇಬೇಕು ಎಂದಲ್ಲ. ಪ್ರೋಗ್ರೆಸಿವ್ ಅಥವಾ ಬೈಫೋಕಲ್ ಇರುವವರಿಗೆ ಇನ್ನೂ ಕೆಳಗೆ ಬೇಕು. ಮಸೂರ ಅವರು ಹೇಳಿದ ಬೇರೆ ಗಾಜು ಒಳ್ಳೆಯದೇ, ಆದರೆ ಅದಕ್ಕೆ ದುಡ್ಡು ಬೇಕು. ಪುಸ್ತಕ ತೆಗೆಯಲು ಏನೂ ಬೇಡ. ಮೊದಲು ಅದನ್ನು ನೋಡೋಣ.

ಲೆಕ್ಕದಮ್ಮ
ಬೆರಳಿನಿಂದ ಕನ್ನಡಕ ಎತ್ತಿ ನೋಡಿದೆ. ಗಲ್ಲ ತಾನಾಗಿ ಇಳಿಯಿತು, ಅಕ್ಷರ ಹಾಗೆಯೇ ಸ್ಪಷ್ಟ! ಈಗಲೇ ಪುಸ್ತಕ ತೆಗೆದು, ಮಾನಿಟರಿನ ಕಾಲನ್ನೂ ಪೂರ್ತಿ ಇಳಿಸಿಬಿಡಲೇ?

ಕೋನಮಾಪಕ
ತಡೆಯಿರಿ, ಪರದೆಯನ್ನು ಕೊನೆಗೆ ಮುಟ್ಟಿ. ಮೊಣಕೈ ಮತ್ತು ಬೆನ್ನು ನೋಡದೆ ಪರದೆ ಸರಿಮಾಡಿದರೆ ಅದನ್ನು ಮತ್ತೆ ಸರಿಮಾಡಬೇಕಾಗುತ್ತದೆ. ಏಕೆಂದು ಹೇಳುತ್ತೇನೆ.

ನಿಮ್ಮ ಮೊಣಕೈಯ ಕೋನ 121 ಡಿಗ್ರಿ. 90ರಿಂದ 120 ಎಂದು ಓದಿಕೊಂಡವರು ಪರವಾಗಿಲ್ಲ ಎಂದುಬಿಡುತ್ತಾರೆ. ಆದರೆ ಮೊಣಕೈಯ ಕೋನವೊಂದನ್ನೇ ನೋಡುವುದು ವ್ಯರ್ಥ. ಭುಜದ ತುದಿಯಿಂದ ಮೊಣಕೈಗೆ ಎಳೆದ ಗೆರೆಯನ್ನು ನೋಡಿ. ಅದು ನೇರ ಕೆಳಗಿಳಿಯುವ ಬದಲು 35 ಡಿಗ್ರಿ ಮುಂದಕ್ಕೆ ಚಾಚಿದೆ. ತೋಳನ್ನು ಇಡೀ ದಿನ ಮುಂದಕ್ಕೆ ಹಿಡಿದಿರುವುದು ಭುಜ ಮತ್ತು ಕತ್ತಿನ ನಡುವಿನ ಸ್ನಾಯು. ನೀವು ಹಿಡಿದುಕೊಂಡಂತಾಗುತ್ತದೆ ಎಂದಿದ್ದು ಅದೇ ಜಾಗ ಇರಬಹುದು.

ಬೆನ್ನು: ನಡುಪಟ್ಟಿಯ ಮಟ್ಟದಲ್ಲಿ ಬೆನ್ನಿಗೂ ಒರಗಿಗೂ ನಡುವೆ 88 ಪಿಕ್ಸೆಲ್, 11 ಸೆಂ.ಮೀ. ಖಾಲಿ. ಕುರ್ಚಿಯ ಒರಗು ಇದ್ದೂ ಇಲ್ಲದಂತೆ. ನೆಟ್ಟಗೆ ಕೂರಿ ಅವರು ಇದನ್ನು ಅಭ್ಯಾಸ ಎಂದರು. ನಾನು ಚಿತ್ರದಲ್ಲಿ ಬೇರೆ ಒಂದನ್ನು ನೋಡುತ್ತಿದ್ದೇನೆ: ಕುರ್ಚಿಯ ಕೈಯ ಮುಂತುದಿ ಮೇಜಿನ ಅಂಚಿಗೆ ತಗುಲಿ ನಿಂತಿದೆ. ಅಲ್ಲಿ ಮೇಜಿನ ಬಣ್ಣವೂ ಸವೆದ ಹಾಗಿದೆ. ಕುರ್ಚಿ ಅದಕ್ಕಿಂತ ಒಳಕ್ಕೆ ಹೋಗಲಾರದು. ಹಾಗಾಗಿ ನೀವೇ ಕುರ್ಚಿಯ ಮೇಲೆ ಮುಂದಕ್ಕೆ ಜಾರಿ, ತೋಳು ಚಾಚಿ, ಕೀಲಿಮಣೆ ಮುಟ್ಟುತ್ತಿದ್ದೀರಿ. ತಲೆ ಅದರ ಹಿಂದೆಯೇ ಮುಂದಕ್ಕೆ ಬಂದಿದೆ. ಗಲ್ಲ ಏರಿದ್ದಕ್ಕೆ ಕನ್ನಡಕ ಕಾರಣ. ಮಿಕ್ಕ ಮೂರಕ್ಕೂ ಕುರ್ಚಿಯ ಆ ಎರಡು ಕೈಗಳೇ ಕಾರಣವೆಂದು ನನ್ನ ಊಹೆ.

ಲೆಕ್ಕದಮ್ಮ
ಈಗ ನೋಡಿದೆ. ನಿಜ, ಮೇಜಿನ ಅಂಚಿನಲ್ಲಿ ಎರಡು ಕಡೆ ಬಣ್ಣ ಕಿತ್ತುಹೋಗಿದೆ. ಕುರ್ಚಿಯ ಕೈಯನ್ನು ಇಳಿಸಲು ಗುಂಡಿ ಇದೆಯೇನೋ ಎಂದು ಹುಡುಕಿದೆ, ಇಲ್ಲ. ಗಟ್ಟಿಯಾಗಿ ಕೂರಿಸಿದ್ದು.

ಕೋನಮಾಪಕ
ಆಸನದ ಅಡಿಯಲ್ಲಿ ಪ್ರತಿ ಕೈಗೂ ಎರಡು ಮೂರು ಬೋಲ್ಟ್ ಇರುತ್ತವೆ. ಕಚೇರಿಯ ಕುರ್ಚಿಯಾದರೆ ಕೇಳಿಕೊಂಡು ಬಿಚ್ಚಿಸಿ. ಬೋಲ್ಟ್‌ಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಆಸನದ ಅಡಿಗೇ ಅಂಟಿಸಿಡಿ. ಆದರೆ ಮೊದಲು ಒಂದನ್ನು ಖಚಿತಪಡಿಸಿಕೊಳ್ಳಿ: ಬೆನ್ನನ್ನು ಪೂರ್ತಿ ಒರಗಿಗೆ ತಾಗಿಸಿ ಕುಳಿತಾಗ ಆಸನದ ಮುಂದಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಹೋಗದಿದ್ದರೆ ಆಸನವೇ ನಿಮಗೆ ಆಳವಾಗಿದೆ. ಆಗ ಕುರ್ಚಿಯ ಕೈ ತೆಗೆದರೂ ನೀವು ಮುಂದಕ್ಕೆ ಜಾರುತ್ತಲೇ ಇರುತ್ತೀರಿ, ಬೆನ್ನ ಹಿಂದೆ ಒಂದು ಗಟ್ಟಿ ಮೆತ್ತೆ ಬೇಕಾಗುತ್ತದೆ.

ನೆಟ್ಟಗೆ_ಕೂರಿ
ಕುರ್ಚಿಯ ಕೈ ತೆಗೆದರೆ ಮೊಣಕೈಗೆ ಆಸರೆ ಎಲ್ಲಿ? ಮೊಣಕೈಗೆ ಆಧಾರ ಇರಲೇಬೇಕು ಎಂದು ಎಲ್ಲರೂ ಹೇಳುತ್ತಾರೆ. ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸುತ್ತಿದ್ದೀರಿ.

ಕೋನಮಾಪಕ
ಒಳ್ಳೆಯ ಪ್ರಶ್ನೆ. ಮೇಜಿನ ಕೆಳಗೆ ಸರಿಯುವಷ್ಟು ಇಳಿಯುವ ಕೈಗಳಿದ್ದರೆ ನಾನೂ ತೆಗೆಸುವುದಿಲ್ಲ. ಇಲ್ಲಿ ಅವು ಆಸರೆಯನ್ನೂ ಕೊಡುತ್ತಿಲ್ಲ. ಚಿತ್ರ ನೋಡಿ, ಅವರ ಮೊಣಕೈ ಕುರ್ಚಿಯ ಕೈಯನ್ನು ದಾಟಿ ಮುಂದೆ ಹೋಗಿದೆ. ಕುರ್ಚಿ ಹತ್ತಿರ ಸರಿದರೆ ಮುಂಗೈಯ ಅರ್ಧಭಾಗಕ್ಕೆ ಮೇಜೇ ಆಸರೆಯಾಗುತ್ತದೆ.

ಸಂಶಯಾತ್ಮ
ಇದು ನನಗೂ ಹಿಡಿಸಿತು. ಬೋಲ್ಟ್ ಬಿಚ್ಚಿ ನೋಡುವುದು, ನೆಟ್ಟಗೆ ಕೂರಬೇಕೆಂದು ದಿನವಿಡೀ ತನ್ನನ್ನು ತಾನೇ ಗದರಿಸಿಕೊಳ್ಳುವುದಕ್ಕಿಂತ ಎಷ್ಟೋ ಮೇಲು. ನೋವು ಹೋಗುತ್ತದೆ ಎಂದು ಮಾತ್ರ ಈಗಲೇ ಯಾರೂ ಮಾತು ಕೊಡಬೇಡಿ.

ಲೆಕ್ಕದಮ್ಮ
ಕೈಗಳನ್ನು ಬಿಚ್ಚಿಸಿದೆ. ಮೊಣಕಾಲಿನ ಹಿಂದೆ ಮೂರು ಬೆರಳು ಸಲೀಸಾಗಿ ಹೋಗುತ್ತವೆ. ಕುರ್ಚಿ ಮೇಜಿನೊಳಕ್ಕೆ ಹೋಗುತ್ತದೆ, ಬೆನ್ನು ಒರಗಿಗೆ ತಾಗುತ್ತದೆ. ಆದರೆ ಹೊಸ ತೊಂದರೆ ಶುರುವಾಗಿದೆ. ಈಗ ಮೇಜು ಎತ್ತರ ಎನಿಸುತ್ತಿದೆ. ಬೆರಳಚ್ಚು ಮಾಡುವಾಗ ಭುಜ ಮೇಲೇರುತ್ತದೆ. ಮೊದಲು ಹೀಗಿರಲಿಲ್ಲ. ಫೋಟೊ ಹಾಕಿದ್ದೇನೆ.

ಕೋನಮಾಪಕ
ಇದನ್ನೇ ಕಾಯುತ್ತಿದ್ದೆ. ತೋಳು ಮುಂದಕ್ಕೆ ಚಾಚಿದಾಗ ಮೊಣಕೈ ತಾನಾಗಿಯೇ ಮೇಲೇಳುತ್ತದೆ. ಹಳೆಯ ಫೋಟೊದಲ್ಲಿ ನಿಮ್ಮ ಮೊಣಕೈ ಮೇಜಿಗಿಂತ ಒಂದೂವರೆ ಸೆಂ.ಮೀ. ಮೇಲಿತ್ತು, ಎತ್ತರ ಸರಿಯಿದೆ ಎಂದು ತೋರುತ್ತಿತ್ತು. ಈಗ ತೋಳು ಕೆಳಗೆ ಇಳಿದಿರುವುದರಿಂದ ಅದೇ ಮೊಣಕೈ ಮೇಜಿನ ಮಟ್ಟಕ್ಕಿಂತ 3 ಸೆಂ.ಮೀ. ಕೆಳಗಿದೆ. ಕುರ್ಚಿ ಮೊದಲಿನಿಂದಲೂ ತಗ್ಗಾಗಿಯೇ ಇತ್ತು. ಚಾಚುವಿಕೆ ಅದನ್ನು ಮರೆಮಾಡಿತ್ತು, ಅಷ್ಟೇ.

ಆಸನವನ್ನು 5 ಸೆಂ.ಮೀ. ಏರಿಸಿ. ಕೀಲಿಮಣೆಯ ದಪ್ಪವೂ ಸೇರಿ ಅಷ್ಟು ಬೇಕು. ಪಾದ ನೆಲ ಬಿಟ್ಟರೆ ಅದರ ಅಡಿಗೆ ಗಟ್ಟಿಯಾದ ಏನಾದರೂ ಇಡಿ, ಇಲ್ಲದಿದ್ದರೆ ಪಾದ ಊರಲೆಂದು ಮತ್ತೆ ಆಸನದ ಅಂಚಿಗೆ ಜಾರುತ್ತೀರಿ. ಆ ಎರಡು ದಪ್ಪ ಪುಸ್ತಕಗಳಿಗೆ ಈಗ ಕೆಲಸ ಸಿಕ್ಕಿತು.

ಈಗ ಪರದೆ. ಪುಸ್ತಕಗಳ ದಪ್ಪ 7 ಸೆಂ.ಮೀ. ಎಂದು ಚಿತ್ರದಲ್ಲಿ ಅಳೆದಿದ್ದೆ. ಅವನ್ನು ತೆಗೆದರೆ ಪರದೆಯ ಅಂಚು 7 ಇಳಿಯುತ್ತದೆ. ಕುರ್ಚಿ ಏರಿದ್ದರಿಂದ ಕಣ್ಣು 5 ಏರುತ್ತದೆ. ಮೊದಲು ಅಂಚು ಕಣ್ಣಿಗಿಂತ 1 ಮೇಲಿತ್ತು, ಇನ್ನು ಸುಮಾರು 11 ಸೆಂ.ಮೀ. ಕೆಳಗಿರುತ್ತದೆ. ಮಾನಿಟರಿನ ಕಾಲನ್ನೂ ಆಗಲೇ ಇಳಿಸಿದ್ದರೆ ಇದೀಗ ತೀರಾ ಕೆಳಗಾಗಿ, ಗಲ್ಲ ಎದೆಗೆ ಬೀಳುತ್ತಿತ್ತು. ಪರದೆಯ ಮೇಲ್ಭಾಗವನ್ನು ತುಸು ಹಿಂದಕ್ಕೆ ವಾಲಿಸಿ, ನೋಟ ಅದಕ್ಕೆ ನೇರವಾಗಿ ಬೀಳುವಂತಿರಲಿ.

ಚಿತ್ರಗ್ರಾಹಿ
ಹೊಸ ಚಿತ್ರ ತೆಗೆಯುವಾಗ ಹಳೆಯ ಜಾಗದಲ್ಲೇ, ಹಳೆಯ ಎತ್ತರದಲ್ಲೇ ಮೊಬೈಲ್ ಇಡಿ. ನೆಲದ ಮೇಲೆ ಗುರುತು ಮಾಡಿಕೊಂಡಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಎರಡು ಚಿತ್ರಗಳ ವ್ಯತ್ಯಾಸದಲ್ಲಿ ದೇಹದ್ದೆಷ್ಟು, ಕ್ಯಾಮೆರಾದ್ದೆಷ್ಟು ಎಂದು ಬೇರ್ಪಡಿಸಲಾಗದು.

ಲೆಕ್ಕದಮ್ಮ
ಕೆಲವು ದಿನ ಹೀಗೆಯೇ ಕೆಲಸ ಮಾಡಿ, ಆಮೇಲೆ ವಿಡಿಯೊದಿಂದ ಕತ್ತರಿಸಿ ಹಾಕಿದ್ದೇನೆ. ಈ ಸಲ ನಾನೇ ಅಳೆದೆ, ಲೆಕ್ಕದವಳಲ್ಲವೇ! ತೋಳು 14 ಡಿಗ್ರಿ ಮುಂದಕ್ಕೆ, ಮೊಣಕೈ 104. ಪರದೆಯ ಅಂಚು ಕಣ್ಣಿಗಿಂತ 10 ಸೆಂ.ಮೀ. ಕೆಳಗೆ. ಕಿವಿಯಿಂದ ಕಣ್ಣಿನ ಗೆರೆ 20 ಡಿಗ್ರಿ. ಕತ್ತಿನ ಬುಡದಿಂದ ಕಿವಿಗೆ 48. ಬೆನ್ನಿನ ಹಿಂದೆ ಖಾಲಿ ಇಲ್ಲ. ಎರಡೂ ಭುಜದ ಬಿಗಿತ ಇಳಿದಿದೆ. ಬಲಗಡೆಯ ಕತ್ತು ಮಾತ್ರ ತಿಂಗಳ ಕೊನೆಯ ದಿನಗಳಲ್ಲಿ ಇನ್ನೂ ಮೊದಲಿನಂತೆಯೇ.

ಕೋನಮಾಪಕ
ಅಂಕಿಗಳು ಚೆನ್ನಾಗಿವೆ. 20 ಇನ್ನೂ 15 ಆಗಿಲ್ಲ ಎಂದು ಚಿಂತಿಸಬೇಡಿ, ಮುಖದಿಂದ ಮುಖಕ್ಕೆ ವ್ಯತ್ಯಾಸವಿದೆ. ಕನ್ನಡಕ ತೆಗೆದು, ದೂರದ ಗೋಡೆಯ ಮೇಲೆ ಕಣ್ಣಿನ ಮಟ್ಟದ ಒಂದು ಗುರುತು ನೋಡುತ್ತಾ ಒಂದು ಫೋಟೊ ತೆಗೆಸಿಕೊಳ್ಳಿ. ಅದರಲ್ಲಿ ಬರುವ ಕೋನವೇ ನಿಮ್ಮ ಸ್ವಂತ ಅಳತೆಗೋಲು.

ಒಂದೇ ಬದಿಯ ನೋವಿಗೆ ಪಕ್ಕದ ಫೋಟೊ ಉತ್ತರ ಕೊಡಲಾರದು. ತಲೆ ಎಡಕ್ಕೋ ಬಲಕ್ಕೋ ತಿರುಗಿದ್ದು, ತೋಳು ದೇಹದಿಂದ ಹೊರಕ್ಕೆ ಚಾಚಿದ್ದು ಅದರಲ್ಲಿ ಕಾಣುವುದೇ ಇಲ್ಲ. ತಿಂಗಳ ಕೊನೆಯಲ್ಲಿ ಕೆಲಸ ಏನು ಬದಲಾಗುತ್ತದೆ? ಮೌಸ್ ಎಲ್ಲಿದೆ?

ಲೆಕ್ಕದಮ್ಮ
ಆಗ ಕಾಗದದ ಚೀಟಿಗಳು ರಾಶಿ ಬರುತ್ತವೆ. ಎಡಗಡೆ ಮೇಜಿನ ಮೇಲೆ ಹರಡಿಕೊಂಡು, ನೋಡಿ ನೋಡಿ ಅಂಕಿ ತುಂಬಿಸುತ್ತೇನೆ. ಮೌಸ್ ಕೀಲಿಮಣೆಯ ಬಲಕ್ಕೆ, ಅಂಕಿ ಕೀಲಿಗಳ ಆಚೆ.

ಮಸೂರ
ಚೀಟಿ ಎಡಗಡೆ ಇದ್ದರೆ ಪ್ರೋಗ್ರೆಸಿವ್ ಗಾಜಿನ ಬದಿಯಿಂದ ಓದಲಾಗದು, ಮಂಜು ಮಂಜಾಗುತ್ತದೆ. ಬರೀ ಕಣ್ಣು ತಿರುಗಿಸಿದರೆ ಸಾಲದು, ಇಡೀ ತಲೆ ತಿರುಗಿಸಬೇಕು. ಆದ್ದರಿಂದಲೇ ಬೇರೆ ಗಾಜು ಎಂದೆ.

ನೆಟ್ಟಗೆ_ಕೂರಿ
ಅಂಕಿ ಕೀಲಿಗಳಿಲ್ಲದ ಚಿಕ್ಕ ಕೀಲಿಮಣೆ ತೆಗೆದುಕೊಳ್ಳಿ, ಮೌಸ್ ನಾಲ್ಕೈದು ಬೆರಳಿನಷ್ಟು ಹತ್ತಿರ ಬರುತ್ತದೆ. ಇಷ್ಟು ಸುಲಭದ್ದನ್ನು ಯಾರೂ ಹೇಳಲಿಲ್ಲವಲ್ಲ.

ಲೆಕ್ಕದಮ್ಮ
ಅಂಕಿ ಕೀಲಿಗಳಿಲ್ಲದೆ ನನ್ನ ಕೆಲಸವೇ ನಡೆಯುವುದಿಲ್ಲ, ಸರ್. ದಿನಕ್ಕೆ ಅಕ್ಷರಕ್ಕಿಂತ ಅಂಕಿಯನ್ನೇ ಹೆಚ್ಚು ಒತ್ತುವವಳು ನಾನು.

ಕೋನಮಾಪಕ
ಅಂಕಿ ಕೀಲಿಗಳು ಮಾತ್ರ ಇರುವ ಬೇರೆ ತುಣುಕು ಸಿಗುತ್ತದೆ. ಅದನ್ನು ಎಡಕ್ಕೆ ಇಟ್ಟುಕೊಂಡು ಒತ್ತುವವರಿದ್ದಾರೆ, ಬೆರಳಿಗೆ ರೂಢಿಯಾಗಲು ಸಮಯ ಬೇಕು. ಮೌಸನ್ನು ಎಡಗೈಗೆ ಕೊಡುವುದು ಇನ್ನೊಂದು ದಾರಿ. ಯಾವುದು ನಿಮಗೆ ಒಗ್ಗುತ್ತದೋ ಇಲ್ಲಿಂದ ಹೇಳಲಾರೆ. ಚೀಟಿಗಳನ್ನು ಕೀಲಿಮಣೆಗೂ ಪರದೆಗೂ ನಡುವೆ ಓರೆ ಹಲಗೆಯ ಮೇಲೆ ಇಡಬಹುದು, ನಿಮ್ಮ ಮೇಜಿನಲ್ಲಿ ಅಲ್ಲಿ 30 ಸೆಂ.ಮೀ. ಜಾಗವಿದೆ. ಚೀಟಿ ತುಂಬುವ ಹೊತ್ತಿನಲ್ಲಿ ಹಿಂದಿನಿಂದ ಒಂದು, ಮೇಲಿನಿಂದ ಒಂದು ಚಿತ್ರ ತೆಗೆಸಿ ಹಾಕಿ. ಬಲ ಕತ್ತಿನ ವಿಷಯ ಅವು ಬಂದ ಮೇಲೆ ಮಾತನಾಡೋಣ.

ಲ್ಯಾಪ್‌ಟಾಪ್_ಸವಾರ
ಬೇರೆ ಕೀಲಿಮಣೆ ತರಿಸಿಕೊಂಡೆ. ಈಗ ಪರದೆಯನ್ನು ಹಾಸಿಗೆಯ ಮೇಲೆ ಯಾವುದರ ಮೇಲೆ ಎತ್ತಿಡಲಿ?